ಎಂಸಿಬಿ ಟ್ರಿಪ್ ಆಗದಷ್ಟು ದೂರ

ಗಾರ್ಡನ್ ದೀಪ ಚೆನ್ನಾಗಿ ಉರಿಯುತ್ತಿದೆ ಎಂದ ಮಾತ್ರಕ್ಕೆ ಅದರ ವೈರಿಂಗ್ ಸರಿಯಾಗಿದೆ ಎಂದುಕೊಳ್ಳಬೇಡಿ. ದೀಪ ಉರಿಯಲು ಫೇಸ್ ಮತ್ತು ನ್ಯೂಟ್ರಲ್ ಎರಡಿದ್ದರೆ ಸಾಕು. ಮೂರನೆಯದು, ಹಸಿರು ಬಣ್ಣದ ಅರ್ಥ್ ವೈರು, ವರ್ಷಗಟ್ಟಲೆ ಏನೂ ಕೆಲಸ ಮಾಡದೆ ಸುಮ್ಮನೆ ಬಿದ್ದಿರುತ್ತದೆ. ಅದು ಅರ್ಧದಲ್ಲಿ ತುಂಡಾಗಿದ್ದರೂ ದೀಪಕ್ಕೆ ತಿಳಿಯದು, ನಮಗೂ ತಿಳಿಯದು. ಅದಕ್ಕೆ ಕೆಲಸ ಬರುವುದು ಒಂದೇ ಸಂದರ್ಭದಲ್ಲಿ: ಒಳಗಿನ ಫೇಸ್ ವೈರಿನ ಸಿಪ್ಪೆ ಹೋಗಿ ಅದು ಕಬ್ಬಿಣದ ಕಂಬಕ್ಕೆ ತಗುಲಿದಾಗ. ಆಗ ಅರ್ಧ ಸೆಕೆಂಡಿನೊಳಗೆ ಕರೆಂಟ್ ಕಡಿತವಾಗಬೇಕು. ಆಗುತ್ತದೆಯೇ ಇಲ್ಲವೇ ಎಂಬುದು ಬಹುಮಟ್ಟಿಗೆ ಆ ಕಂಬ ಡಿಬಿಯಿಂದ ಎಷ್ಟು ದೂರವಿದೆ ಎಂಬುದರ ಮೇಲೆ ನಿಂತಿದೆ.

ದೂರಕ್ಕೂ ಸುರಕ್ಷತೆಗೂ ಏನು ಸಂಬಂಧ ಎಂದು ಯಾರಿಗಾದರೂ ಅನ್ನಿಸಬಹುದು. ಎಂಸಿಬಿ ಇದೆಯಲ್ಲ, ಏನಾದರೂ ಆದರೆ ಅದೇ ಟ್ರಿಪ್ ಆಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಈ ನಂಬಿಕೆ ಅರ್ಧ ಮಾತ್ರ ನಿಜ.

ಎಂಸಿಬಿಯ ಒಳಗೆ ಟ್ರಿಪ್ ಮಾಡಿಸುವ ಏರ್ಪಾಡುಗಳು ಎರಡಿವೆ. ಒಂದು, ಬಿಸಿಯಾದಾಗ ಬಾಗುವ ಎರಡು ಲೋಹಗಳ ಪಟ್ಟಿ. ಇನ್ನೊಂದು, ತಾಮ್ರದ ಸುರುಳಿ. ಪಟ್ಟಿ ನಿಧಾನದ ಆಸಾಮಿ. 16 ಆಂಪ್ ಎಂಸಿಬಿಯಲ್ಲಿ 20 ಆಂಪ್ ಹರಿದರೆ ಅದು ಬಿಸಿಯಾಗಿ, ಬಾಗಿ, ಟ್ರಿಪ್ ಮಾಡಿಸುವ ಹೊತ್ತಿಗೆ ಗಂಟೆ ಕಳೆದರೂ ಆಶ್ಚರ್ಯವಿಲ್ಲ. ವೈರು ಅತಿಯಾಗಿ ಕಾಯದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ, ಆ ಕೆಲಸಕ್ಕೆ ಅಷ್ಟು ವೇಗ ಸಾಕು. ಸುರುಳಿ ಹಾಗಲ್ಲ. ಕರೆಂಟ್ ಒಂದು ಮಟ್ಟ ದಾಟಿತೋ, ಅದು ಅಯಸ್ಕಾಂತವಾಗಿ ಕಣ್ಣು ಮಿಟುಕಿಸುವುದರೊಳಗೆ ಕೊಂಡಿ ಕಳಚುತ್ತದೆ. ಷಾಕ್‌ನಿಂದ ನಮ್ಮನ್ನು ಉಳಿಸಬೇಕಾದದ್ದು ಈ ಸುರುಳಿ.

ಸುರುಳಿ ಎಚ್ಚರಗೊಳ್ಳುವ ಮಟ್ಟ ಯಾವುದು? ಎಂಸಿಬಿಯ ಮುಖದ ಮೇಲೆ ಅಂಕಿಗೆ ಮುಂಚೆ ಒಂದು ಅಕ್ಷರ ಇರುತ್ತದೆ, ನಮ್ಮಲ್ಲಿ ಬಹಳ ಜನ ಅದನ್ನು ಓದುವುದೇ ಇಲ್ಲ. ಬಿ ಇದ್ದರೆ ಅಂಕಿಯ 3ರಿಂದ 5 ಪಟ್ಟು, ಸಿ ಇದ್ದರೆ 5ರಿಂದ 10 ಪಟ್ಟು, ಡಿ ಇದ್ದರೆ 10ರಿಂದ 20 ಪಟ್ಟು ಕರೆಂಟಿನ ನಡುವೆ ಎಲ್ಲೋ ಒಂದು ಕಡೆ ಸುರುಳಿ ಎಳೆಯುತ್ತದೆ. ‘ಎಲ್ಲೋ ಒಂದು ಕಡೆ’ ಎಂಬ ಮಾತನ್ನು ಗಮನಿಸಿ. ಸಿ–16 ಎಂದು ಬರೆದ ಎಂಸಿಬಿ 80 ಆಂಪ್‌ಗೂ ತಕ್ಷಣ ಟ್ರಿಪ್ ಆಗಬಹುದು, 150ಕ್ಕೂ ಆಗದೆ ಕೂರಬಹುದು, ಎರಡೂ ನಿಯಮದ ಪ್ರಕಾರ ಸರಿಯಾದ ಮಾಲೇ. ಖಂಡಿತ ಟ್ರಿಪ್ ಆಗುತ್ತದೆ ಎಂದು ಹೇಳಬೇಕಾದರೆ 10 ಪಟ್ಟು, ಅಂದರೆ 160 ಆಂಪ್ ಹರಿಯಲೇಬೇಕು. ಅಂಗಡಿಗೆ ಹೋಗಿ 16 ಆಂಪ್ ಎಂಸಿಬಿ ಕೊಡಿ ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು ಸಿ. ಮೋಟರು, ಫ್ರಿಜ್ಜು ಚಾಲೂ ಆಗುವಾಗಿನ ಎಳೆತಕ್ಕೆ ಅದು ಸುಮ್ಮಸುಮ್ಮನೆ ಬೀಳುವುದಿಲ್ಲ, ಗಿರಾಕಿಯ ದೂರು ಬರುವುದಿಲ್ಲ. ವ್ಯಾಪಾರಕ್ಕೆ ಅದು ಒಳ್ಳೆಯದೇ.

ಕಾಲದ ಲೆಕ್ಕವೂ ಇದೆ. ಅಂತರರಾಷ್ಟ್ರೀಯ ವೈರಿಂಗ್ ನಿಯಮವಾದ ಐಇಸಿ 60364, ಅದರ ಜಾಡಿನಲ್ಲೇ 2019ರಲ್ಲಿ ಪರಿಷ್ಕರಣೆಯಾದ ನಮ್ಮ ಐಎಸ್ 732, ಇವುಗಳ ಪ್ರಕಾರ ನಮ್ಮ 230 ವೋಲ್ಟ್ ಸರಬರಾಜಿನಲ್ಲಿ ಡಿಬಿಯಿಂದ ನೇರವಾಗಿ ದೀಪಕ್ಕೋ ಪ್ಲಗ್ಗಿಗೋ ಹೋಗುವ ಕೊನೆಯ ಹಂತದ ಸರ್ಕಿಟ್ 0.4 ಸೆಕೆಂಡಿನೊಳಗೆ ಕಡಿತವಾಗಬೇಕು. ಈ ಅಂಕಿ ಎಲ್ಲಿಂದಲೋ ಉದುರಿದ್ದಲ್ಲ. ಆರಾಮವಾಗಿ ಕೂತಿರುವ ಮನುಷ್ಯನ ಒಂದು ಎದೆಬಡಿತಕ್ಕೆ ಸುಮಾರು 0.8 ಸೆಕೆಂಡು ಬೇಕು. ಷಾಕ್ ಒಂದು ಬಡಿತಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಹೃದಯದ ಲಯ ತಪ್ಪುವ ಸಂಭವ ಒಮ್ಮೆಲೇ ಏರುತ್ತದೆ. ಸೆಕೆಂಡುಗಟ್ಟಲೆ ಹರಿಯುವುದಾದರೆ 50 ಮಿಲಿಆಂಪ್ ಆಸುಪಾಸಿನ ಕರೆಂಟೇ ಪ್ರಾಣಕ್ಕೆ ಕುತ್ತು. ಒಂದು ಬಡಿತ ಮುಗಿಯುವುದರೊಳಗೆ ಕಡಿದುಬಿಟ್ಟರೆ ಅದಕ್ಕಿಂತ ಹೆಚ್ಚಿನ ಕರೆಂಟನ್ನೂ ದೇಹ ತಡೆದುಕೊಂಡೀತು.

ಹಾಗಾದರೆ ಆ 160 ಆಂಪ್ ಬರುವುದು ಎಲ್ಲಿಂದ? ಫೇಸ್ ವೈರು ಕಂಬಕ್ಕೆ ತಗುಲಿದಾಗ ಕರೆಂಟ್ ಒಂದು ಸುತ್ತು ಹಾಕಬೇಕು. ಟ್ರಾನ್ಸ್‌ಫಾರ್ಮರಿನಿಂದ ಹೊರಟು, ಪ್ಯಾನೆಲ್, ಡಿಬಿ, ಎಂಸಿಬಿ ದಾಟಿ, ಫೇಸ್ ವೈರಿನಲ್ಲಿ ಕಂಬದವರೆಗೆ ಬಂದು, ಅಲ್ಲಿಂದ ಹಸಿರು ವೈರು ಹಿಡಿದು ಡಿಬಿಗೆ, ಡಿಬಿಯಿಂದ ಮತ್ತೆ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್‌ಗೆ. ಈ ಇಡೀ ಸುತ್ತಿನಲ್ಲಿ ಕರೆಂಟಿಗೆ ಎದುರಾಗುವ ಒಟ್ಟು ತಡೆಯೇ ಅರ್ಥ್ ಫಾಲ್ಟ್ ಲೂಪ್ ಇಂಪಿಡೆನ್ಸ್. ಹೆಸರು ಭಾರ, ಲೆಕ್ಕ ಹಗುರ. ಮೀಟರಿನ ಪರದೆಯ ಮೇಲೆ ಅದು Zs ಎಂದು ಕಾಣುತ್ತದೆ:

```
Zs = Ze + R1 + R2
```

Ze ಎಂದರೆ ಡಿಬಿಯ ತನಕದ ಸುತ್ತಿನ ತಡೆ, R1 ಡಿಬಿಯಿಂದಾಚೆಯ ಫೇಸ್ ವೈರಿನದು, R2 ಹಸಿರು ವೈರಿನದು. ಮೊದಲನೆಯದು ಕಟ್ಟಡಕ್ಕೆ ಸೇರಿದ್ದು, ನಾವು ಬದಲಿಸಲಾರೆವು. ಉಳಿದೆರಡು ಕೇಬಲ್ಲಿನ ಉದ್ದದ ಜೊತೆ ಬೆಳೆಯುತ್ತ ಹೋಗುತ್ತವೆ. 230 ವೋಲ್ಟನ್ನು Zsನಿಂದ ಭಾಗಿಸಿದರೆ ಫಾಲ್ಟ್ ಕರೆಂಟ್ ಸಿಗುತ್ತದೆ. 160 ಆಂಪ್ ಬೇಕೆಂದರೆ Zs 1.44 ಓಮ್ ಮೀರಬಾರದು.

ಈಗ ಒಂದು ಸರ್ಕಿಟ್ ಹಿಡಿದು ನೋಡೋಣ. ಬೆಂಗಳೂರಿನ ಹೊರವಲಯದ ಒಂದು ಅಪಾರ್ಟ್‌ಮೆಂಟ್ ಎಂದಿಟ್ಟುಕೊಳ್ಳಿ. ಕಾಂಪೌಂಡಿನೊಳಗೆ ಸ್ವಂತ ಟ್ರಾನ್ಸ್‌ಫಾರ್ಮರ್ ಇದೆ, ಅದರ ನ್ಯೂಟ್ರಲ್‌ನಿಂದ ಹೊರಟ ಅರ್ಥ್ ಪಟ್ಟಿ ಎಲ್ಲ ಡಿಬಿಗಳಿಗೂ ಹೋಗಿದೆ. ಬೇಸ್‌ಮೆಂಟಿನ ಡಿಬಿಯಿಂದ ಒಂದು ಕೇಬಲ್ ಹೊರಟು, ಗೋಡೆ ಹತ್ತಿ, ಕಾಂಪೌಂಡಿನ ಗುಂಟ ನೆಲದಡಿ ಸಾಗಿ ಗೇಟಿನ ತನಕದ ಹನ್ನೆರಡು ಗಾರ್ಡನ್ ಕಂಬಗಳಿಗೆ ಕರೆಂಟ್ ಕೊಡುತ್ತದೆ. ನಕ್ಷೆಯ ಮೇಲೆ ಅಳೆದರೆ ಅಷ್ಟೇನೂ ದೂರವಿಲ್ಲ. ಆದರೆ ಕೇಬಲ್ ಸುತ್ತುಬಳಸಿ ಹೋಗಿರುವುದರಿಂದ ಉದ್ದ 100 ಮೀಟರ್ ಆಗಿದೆ. ಕೇಬಲ್ 2.5 ಚದರ ಮಿಲಿಮೀಟರಿನ ಮೂರು ಕೋರ್ ತಾಮ್ರ, ಡಿಬಿಯಲ್ಲಿ ಸಿ–16 ಎಂಸಿಬಿ. ಡಿಬಿಯಲ್ಲಿ ಅಳೆದಾಗ Ze 0.25 ಓಮ್ ಬಂದಿದೆ.

2.5ರ ತಾಮ್ರದ ತಂತಿಗೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಿಲೋಮೀಟರಿಗೆ 7.41 ಓಮ್ ತಡೆ ಎಂದು ಕೇಬಲ್ ಕೋಷ್ಟಕ ಹೇಳುತ್ತದೆ. 100 ಮೀಟರಿಗೆ 0.74. ಹೋಗುವ ಫೇಸ್‌ಗೆ ಒಂದು, ಬರುವ ಹಸಿರು ವೈರಿಗೆ ಒಂದು, ಒಟ್ಟು 1.48. ಅದಕ್ಕೆ 0.25 ಸೇರಿಸಿದರೆ ಕೊನೆಯ ಕಂಬದಲ್ಲಿ Zs 1.73 ಓಮ್. ಅಲ್ಲಿ ಫೇಸ್ ಕಂಬಕ್ಕೆ ತಗುಲಿದರೆ ಹರಿಯುವುದು 133 ಆಂಪ್. ಬೇಕಾದದ್ದು 160.

133 ಆಂಪ್ ಏನು ಕಡಿಮೆಯೇ ಎಂದು ಕೇಳಬಹುದು. 16ರ ಎಂಟು ಪಟ್ಟು ಅದು. ಆದರೆ ಸಿ ಎಂಸಿಬಿಯ ಅನಿಶ್ಚಿತ ಪಟ್ಟಿಯ ನಟ್ಟನಡುವೆ ಬಂದು ನಿಂತಿದೆ. ಸುರುಳಿ ಎಳೆದರೂ ಎಳೆಯಬಹುದು. ಎಳೆಯದಿದ್ದರೆ ಕೆಲಸ ಆ ನಿಧಾನದ ಪಟ್ಟಿಯ ಪಾಲಿಗೆ ಬೀಳುತ್ತದೆ, ಅದು ಕೆಲವು ಸೆಕೆಂಡು ತೆಗೆದುಕೊಳ್ಳುತ್ತದೆ. ಆ ಸೆಕೆಂಡುಗಳಲ್ಲಿ ಕಂಬದ ಸ್ಥಿತಿ ಏನು? ಹಸಿರು ವೈರಿನ 0.74 ಓಮ್‌ನಲ್ಲಿ 133 ಆಂಪ್ ಹರಿಯುತ್ತಿದೆ, ಹಾಗಾಗಿ ಕಂಬ ಸುಮಾರು 98 ವೋಲ್ಟಿಗೆ ಏರಿ ನಿಂತಿದೆ. ಅರ್ಥಿಂಗ್ ಸರಿಯಾಗಿಯೇ ಇದೆ, ವೈರು ಎಲ್ಲೂ ತುಂಡಾಗಿಲ್ಲ, ಆದರೂ ಕಂಬ ಮುಟ್ಟಿದ ಮಗುವಿಗೆ ನೂರು ವೋಲ್ಟಿನ ಹತ್ತಿರದ ಷಾಕ್. ಮಳೆಯಲ್ಲಿ ನೆನೆದ ಹುಲ್ಲಿನ ಮೇಲೆ ಬರಿಗಾಲಿನಲ್ಲಿ ನಿಂತಿದ್ದರೆ ಅದು ಸಣ್ಣ ಪೆಟ್ಟಲ್ಲ.

ಅರ್ಥ್ ಇದ್ದರೆ ಕಂಬದಲ್ಲಿ ವೋಲ್ಟೇಜ್ ಇರುವುದೇ ಇಲ್ಲ ಎಂಬ ಕಲ್ಪನೆ ನಮ್ಮಲ್ಲಿ ಆಳವಾಗಿದೆ. ಅದು ತಪ್ಪು. ಫಾಲ್ಟ್ ಇರುವಷ್ಟು ಹೊತ್ತು ವೋಲ್ಟೇಜ್ ಇದ್ದೇ ಇರುತ್ತದೆ, ಫೇಸ್ ಮತ್ತು ಅರ್ಥ್ ವೈರುಗಳು ಅದನ್ನು ತಮ್ಮ ತಮ್ಮ ತಡೆಗೆ ತಕ್ಕಂತೆ ಹಂಚಿಕೊಳ್ಳುತ್ತವೆ. ಅರ್ಥ್ ವೈರಿನ ಮುಖ್ಯ ಉಪಕಾರವೆಂದರೆ ಸಾಕಷ್ಟು ಕರೆಂಟ್ ಹರಿಸಿ ಎಂಸಿಬಿಯನ್ನು ಬೀಳಿಸುವುದು. ಉಳಿತಾಯಕ್ಕೆಂದು ಹಸಿರು ವೈರನ್ನು 1.5ಕ್ಕೆ ಇಳಿಸಿದರೆ ಎರಡೂ ಕಡೆ ಪೆಟ್ಟು. ಅದರ ತಡೆ 100 ಮೀಟರಿಗೆ 1.21 ಓಮ್. ಒಟ್ಟು Zs 2.20ಕ್ಕೆ ಏರಿ ಫಾಲ್ಟ್ ಕರೆಂಟ್ 105 ಆಂಪ್‌ಗೆ ಇಳಿಯುತ್ತದೆ, ಕಂಬದ ವೋಲ್ಟೇಜ್ ಮಾತ್ರ 126ಕ್ಕೆ ಏರುತ್ತದೆ. ಟ್ರಿಪ್ ಆಗುವ ಭರವಸೆ ಕಡಿಮೆ, ಷಾಕ್ ಜಾಸ್ತಿ.

ಈ ಸರ್ಕಿಟ್ ಯಾರ ಕಣ್ಣಿಗೂ ಬೀಳದೆ ಉಳಿಯಲು ಕಾರಣ ಎಲ್‌ಇಡಿ. ಹನ್ನೆರಡು ಕಂಬಕ್ಕೆ 15 ವ್ಯಾಟಿನಂತೆ ಒಟ್ಟು 180 ವ್ಯಾಟ್, ಒಂದು ಆಂಪ್ ಕೂಡ ಇಲ್ಲ. ಮೊದಲಾದರೆ ಉದ್ದದ ಕೇಬಲ್ ತಾನೇ ಚಾಡಿ ಹೇಳುತ್ತಿತ್ತು: ಹ್ಯಾಲೊಜನ್ ದೀಪಗಳು ಎಳೆಯುವ ಭಾರಕ್ಕೆ ವೋಲ್ಟೇಜ್ ಇಳಿದು ಕೊನೆಯ ಕಂಬ ಮಂಕಾಗಿ ಉರಿಯುತ್ತಿತ್ತು, ಎಲೆಕ್ಟ್ರಿಷಿಯನ್ ‘ಸಾರ್, ದಪ್ಪ ಕೇಬಲ್ ಬೇಕು’ ಎನ್ನುತ್ತಿದ್ದ. ಈಗ ಇಡೀ ಭಾರ ಕೊನೆಯಲ್ಲೇ ಇದೆ ಎಂದು ಲೆಕ್ಕ ಹಿಡಿದರೂ ಇಳಿಯುವುದು ಒಂದೂಕಾಲು ವೋಲ್ಟಿಗಿಂತ ಕಡಿಮೆ. ಡ್ರಾಯಿಂಗಿನಲ್ಲಿ ವೋಲ್ಟೇಜ್ ಡ್ರಾಪ್ ಲೆಕ್ಕ ಪಾಸು, ಕೇಬಲ್ ತಣ್ಣಗಿದೆ, ದೀಪ ಬೆಳ್ಳಗೆ ಉರಿಯುತ್ತಿದೆ. ಲೋಡ್ ಕಡಿಮೆ, ಕೇಬಲ್ ಉದ್ದ, ಎಂಸಿಬಿ ದೊಡ್ಡದು ಎಂಬ ಈ ಮೂರು ಒಟ್ಟಿಗೆ ಸೇರಿದ ಕಡೆಯೇ ನಾನು ಮೊದಲು ಅನುಮಾನ ಪಡುವುದು. ಗೇಟಿನ ಮೋಟರು, ಪಂಪ್‌ಹೌಸಿನ ಒಂಟಿ ಬಲ್ಬು, ಟೆರೇಸಿನ ಆಚೆ ತುದಿಯ ಪ್ಲಗ್ಗು, ಎಸ್ಟೇಟಿನ ಕಣದ ದೀಪ ಎಲ್ಲವೂ ಇದೇ ಜಾತಿ.

ಅಳತೆಯ ಕೆಲಸಕ್ಕೆ ಬರೋಣ. ಲೆಕ್ಕ ಕಾಗದದ್ದು, ಕೇಬಲ್ ನೆಲದಡಿಯದು, ಎರಡೂ ಒಂದೇ ಎಂದು ನಂಬಬೇಕಾಗಿಲ್ಲ. ಪರೀಕ್ಷೆ ಎರಡು ಹಂತದಲ್ಲಿ ನಡೆಯುತ್ತದೆ, ಮೊದಲನೆಯದು ಕರೆಂಟ್ ಇಲ್ಲದೆ. ಡಿಬಿಯಲ್ಲಿ ಸರ್ಕಿಟನ್ನು ಪೂರ್ತಿ ಬಿಡಿಸಿ, ಕರೆಂಟ್ ಇಲ್ಲವೆಂದು ಖಚಿತಪಡಿಸಿಕೊಂಡು, ಫೇಸ್ ಮತ್ತು ಹಸಿರು ವೈರಿನ ತುದಿಗಳನ್ನು ಒಂದಕ್ಕೊಂದು ಜೋಡಿಸುತ್ತಾರೆ. ಆಮೇಲೆ ಒಂದೊಂದೇ ಕಂಬದ ಬಾಗಿಲು ತೆಗೆದು ಆ ಎರಡರ ನಡುವಿನ ತಡೆಯನ್ನು ಕಡಿಮೆ ಓಮ್ ಅಳೆಯುವ ಕಂಟಿನ್ಯುಟಿ ಟೆಸ್ಟರಿನಿಂದ ನೋಡುತ್ತಾರೆ. ಬೀಪ್ ಅನ್ನುವ ಮಲ್ಟಿಮೀಟರ್ ಇದಕ್ಕೆ ಸಾಲದು. ಒಂದು ಎಳೆ ಮಾತ್ರ ಹಿಡಿದುಕೊಂಡಿರುವ ವೈರಿಗೂ ಅದು ಖುಷಿಯಿಂದ ಬೀಪ್ ಅನ್ನುತ್ತದೆ. ಟೆಸ್ಟರಿನ ಸ್ವಂತ ವೈರುಗಳ ತಡೆಯನ್ನು ಮೊದಲೇ ಸೊನ್ನೆ ಮಾಡಿಕೊಳ್ಳಬೇಕು, ಇಲ್ಲವಾದರೆ ಅದೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ನಮ್ಮ ಸರ್ಕಿಟಿನಲ್ಲಿ ಕೊನೆಯ ಕಂಬದಲ್ಲಿ 1.48ರ ಆಸುಪಾಸು ಬರಬೇಕು. ಬಂದರೆ ಉದ್ದವೂ ವೈರಿನ ದಪ್ಪವೂ ಹೇಳಿದ್ದು ನಿಜ. 2.3 ಬಂತೆಂದರೆ ನಡುವೆ ಎಲ್ಲೋ ಸಡಿಲ ಜಾಯಿಂಟ್ ಇದೆ, ಇಲ್ಲವೇ ತೆಳು ವೈರು ಸೇರಿಸಿದ್ದಾರೆ. ಮೊದಲ ಕಂಬದಿಂದ ಓದುತ್ತ ಬಂದಿದ್ದರೆ ದೋಷ ಇರುವ ಜಾಗವೂ ಸಿಗುತ್ತದೆ: ಆರನೇ ಕಂಬದ ತನಕ ಮೆಟ್ಟಿಲಿನಂತೆ ಸಮವಾಗಿ ಏರಿದ ಅಂಕಿ ಏಳರಲ್ಲಿ ಒಮ್ಮೆಲೇ ಜಿಗಿದರೆ ಅಗೆಯಬೇಕಾದ್ದು ಆರು ಮತ್ತು ಏಳರ ನಡುವೆ, ಅದಕ್ಕೂ ಮುಂಚೆ ಆ ಎರಡು ಕಂಬಗಳ ಟರ್ಮಿನಲ್‌ಗಳನ್ನು ಬಿಗಿದು ನೋಡಬೇಕು. ಲೆಕ್ಕಕ್ಕಿಂತ ಕಡಿಮೆ ಬಂದರೆ ಸಂತೋಷಪಡಬೇಡಿ. ಕೇಬಲ್ಲಿನ ಉಕ್ಕಿನ ಕವಚವೋ ಪಕ್ಕದ ನೀರಿನ ಪೈಪೋ ಹಸಿರು ವೈರಿಗೆ ಸಮಾನಾಂತರವಾಗಿ ಸೇರಿಕೊಂಡಿರುತ್ತದೆ. ನಾಳೆ ಪ್ಲಂಬರ್ ಬಂದು ಆ ಕಬ್ಬಿಣದ ಪೈಪು ತೆಗೆದು ಪಿವಿಸಿ ಹಾಕಿದ ದಿನ ಆ ಸಹಾಯ ಹೋಗುತ್ತದೆ.

ಎರಡನೆಯ ಹಂತ ಕರೆಂಟ್ ಇರುವಾಗಿನದು, ತರಬೇತಿ ಇರುವವರ ಕೈಯಲ್ಲೇ ಆಗಬೇಕಾದದ್ದು. ಲೂಪ್ ಟೆಸ್ಟರ್ ಎಂಬ ಉಪಕರಣ ಕೊನೆಯ ಕಂಬದಲ್ಲಿ ಫೇಸ್ ಮತ್ತು ಅರ್ಥ್ ನಡುವೆ ಕ್ಷಣಕಾಲ ಒಂದು ಗೊತ್ತಾದ ಲೋಡ್ ಹಾಕಿ, ವೋಲ್ಟೇಜ್ ಎಷ್ಟು ಇಳಿಯಿತು ಎಂಬುದರಿಂದ Zs ಕಂಡುಹಿಡಿಯುತ್ತದೆ. ಇಲ್ಲಿ ಒಂದು ಸಿಕ್ಕು. ಸರ್ಕಿಟಿನಲ್ಲಿ ಆರ್‌ಸಿಸಿಬಿ ಇದ್ದರೆ, ಟೆಸ್ಟರ್ ಹರಿಸುವ ಕರೆಂಟನ್ನೇ ಅದು ಸೋರಿಕೆ ಎಂದು ತಿಳಿದು ಟ್ರಿಪ್ ಆಗುತ್ತದೆ. ಅದಕ್ಕೆಂದೇ ಟೆಸ್ಟರ್‌ಗಳಲ್ಲಿ ಟ್ರಿಪ್ ಮಾಡಿಸದ, ಕೆಲವೇ ಮಿಲಿಆಂಪ್ ಬಳಸುವ ಮೋಡ್ ಕೊಟ್ಟಿರುತ್ತಾರೆ. ಅಷ್ಟು ಸಣ್ಣ ಕರೆಂಟಿನಲ್ಲಿ ಅಳೆದ ಅಂಕಿ ಒಮ್ಮೆ 1.6, ಇನ್ನೊಮ್ಮೆ 1.9 ಎಂದು ಓಲಾಡುವುದುಂಟು. ಅಂಥ ಕಡೆ ಡಿಬಿಯಲ್ಲಿ ಆರ್‌ಸಿಸಿಬಿಗೆ ಮೊದಲು ಅಳೆದ Zeಗೆ ಮೊದಲ ಹಂತದ 1.48 ಕೂಡಿಸಿ ಬರುವ ಉತ್ತರವನ್ನೇ ನಾನು ಹೆಚ್ಚು ನಂಬುವುದು.

ಅಳೆದ ಅಂಕಿಯನ್ನು ನೇರವಾಗಿ 1.44ಕ್ಕೆ ಹೋಲಿಸಿ ಪಾಸು ಮಾಡುವಂತಿಲ್ಲ. ಪರೀಕ್ಷೆ ನಡೆಯುವುದು ವೈರು ತಣ್ಣಗಿರುವಾಗ. ಭಾರ ಹೊತ್ತು 70 ಡಿಗ್ರಿಗೆ ಕಾದ ತಾಮ್ರದ ತಡೆ 20 ಡಿಗ್ರಿಯದಕ್ಕಿಂತ ಐದರಲ್ಲೊಂದು ಪಾಲು ಹೆಚ್ಚು, ಫಾಲ್ಟಿನ ಹೊತ್ತಿಗೆ ಇನ್ನಷ್ಟು ಕಾಯುತ್ತದೆ. ಐಇಸಿಯ ಪರೀಕ್ಷಾ ಭಾಗ ಇದಕ್ಕೆ ಸುಲಭದ ದಾರಿ ಕೊಟ್ಟಿದೆ: ಅಳೆದ Zs ಮಿತಿಯ ಮೂರರಲ್ಲಿ ಎರಡು ಪಾಲು ಮೀರಬಾರದು. ಬ್ರಿಟನ್ನಿನವರು ರೂಢಿಯಲ್ಲಿ ಶೇ. 80 ಹಿಡಿಯುತ್ತಾರೆ. ಮೂರರಲ್ಲಿ ಎರಡು ಎಂದರೆ ಸಿ–16ಕ್ಕೆ 0.96 ಓಮ್. ನಮ್ಮ 1.73 ಅದರ ಹತ್ತಿರವೂ ಇಲ್ಲ. ತಿರುಗಿಸಿ ಲೆಕ್ಕ ಹಾಕಿದರೆ, ಈ ಡಿಬಿಯಿಂದ ಸಿ–16 ಎಂಸಿಬಿ ಮತ್ತು 2.5ರ ಕೇಬಲ್ ಇಟ್ಟುಕೊಂಡು ಹೋಗಬಹುದಾದ ದೂರ ಸುಮಾರು 48 ಮೀಟರ್. ಐದನೆಯದೋ ಆರನೆಯದೋ ಕಂಬದಿಂದಾಚೆ ಎಲ್ಲವೂ ಅದೃಷ್ಟದ ಮೇಲೆ ನಿಂತಿದೆ.

ಸರಿಪಡಿಸುವುದು ಹೇಗೆ? ಕೇಬಲ್ ದಪ್ಪ ಮಾಡಿ ಎನ್ನುವುದು ಮೊದಲು ಬಾಯಿಗೆ ಬರುವ ಉತ್ತರ. 4ರ ಕೇಬಲ್ ಹಾಕಿದರೆ Zs 1.17, ಇನ್ನೂ ಫೇಲು. 6ರದು ಹಾಕಿದರೆ 0.87, ಪಾಸು. ಆದರೆ ಅದಕ್ಕಾಗಿ ನೂರು ಮೀಟರ್ ಹುಲ್ಲುಹಾಸು ಅಗೆಯಬೇಕು, ಅದೂ ಒಂದು ಆಂಪ್ ಎಳೆಯದ ದೀಪಗಳಿಗೆ. ಅಷ್ಟು ಖರ್ಚಿಗೆ ಮುಂಚೆ ಡಿಬಿಯ ಎಂಸಿಬಿ ನೋಡಿ. ಒಂದು ಆಂಪ್‌ಗಿಂತ ಕಡಿಮೆ ಇರುವ ಲೋಡಿಗೆ 16 ಆಂಪ್ ಯಾಕೆ ಬೇಕಿತ್ತು? ಸಿ–6 ಹಾಕಿದರೆ ಬೇಕಾದ ಕರೆಂಟ್ 60 ಆಂಪ್ ಮಾತ್ರ, ಮಿತಿ 3.83 ಓಮ್, ಅದರ ಮೂರರಲ್ಲೆರಡು 2.56. ನಮ್ಮ 1.73 ನಿರಾಳವಾಗಿ ಒಳಗೆ ಬಂತು, ಇದೇ ಕೇಬಲ್ಲಿನಲ್ಲಿ 150 ಮೀಟರಿನವರೆಗೂ ಹೋಗಬಹುದು. ಬಿ–16 ಹಾಕಿದರೂ ಪಾಸು, ಅಲ್ಲಿ ಮಿತಿಯ ಮೂರರಲ್ಲೆರಡು 1.92. ಬಿ–6 ಇನ್ನೂ ಒಳ್ಳೆಯದಲ್ಲವೇ ಎಂದರೆ, ಹನ್ನೆರಡು ಎಲ್‌ಇಡಿ ಡ್ರೈವರುಗಳು ಒಟ್ಟಿಗೆ ಹೊತ್ತಿಕೊಳ್ಳುವ ಕ್ಷಣದ ಎಳೆತಕ್ಕೆ ಅದು ಸಂಜೆ ಸಂಜೆ ಬೀಳತೊಡಗಬಹುದು. ಹಾಗೆ ಬೀಳುವ ಎಂಸಿಬಿಯನ್ನು ಯಾರೋ ಒಬ್ಬ ಬೇಸತ್ತು ತೆಗೆದು ಮತ್ತೆ ಸಿ–16 ಹಾಕಿಬಿಡುತ್ತಾನೆ. ಹಾಗಾಗಿ ನನ್ನ ಆಯ್ಕೆ ಸಿ–6, ಮತ್ತು ಅದರ ಜೊತೆಗೆ 30 ಮಿಲಿಆಂಪಿನ ಆರ್‌ಸಿಸಿಬಿ.

ಆರ್‌ಸಿಸಿಬಿ ಒಂದೇ ಸಾಲದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹೋದ ಕರೆಂಟಿಗೂ ವಾಪಸು ಬಂದ ಕರೆಂಟಿಗೂ 30 ಮಿಲಿಆಂಪ್ ವ್ಯತ್ಯಾಸ ಬಂದರೆ ಅದು 0.3 ಸೆಕೆಂಡಿನೊಳಗೆ, ಅದರ ಐದು ಪಟ್ಟು ಬಂದರೆ 0.04 ಸೆಕೆಂಡಿನೊಳಗೆ ಕಡಿಯಬೇಕು. ಅದಕ್ಕೆ Zs ಒಂದೂಮುಕ್ಕಾಲು ಓಮ್ ಇದ್ದರೂ ಹದಿನೇಳು ಇದ್ದರೂ ಅಷ್ಟೇನೂ ವ್ಯತ್ಯಾಸವಿಲ್ಲ. ಆದರೆ ಹಸಿರು ವೈರು ಪೂರ್ತಿ ತುಂಡಾಗಿದ್ದರೆ ಕಂಬಕ್ಕೆ ತಗುಲಿದ ಫೇಸ್‌ನಿಂದ ಸಾಕಷ್ಟು ಸೋರಿಕೆ ಆಗದೆ ಅದು ಸುಮ್ಮನಿರಬಹುದು, ಯಾರಾದರೂ ಮುಟ್ಟಿದ ಮೇಲೇ ಎಚ್ಚರಗೊಳ್ಳಬಹುದು. ಅದರ ಮೇಲಿನ ಟೆಸ್ಟ್ ಬಟನ್ ಒತ್ತಿದರೆ ಒಳಗಿನ ಯಂತ್ರ ಕೆಲಸ ಮಾಡುತ್ತಿದೆ ಎಂದು ಮಾತ್ರ ತಿಳಿಯುತ್ತದೆ, ಕಂಬದ ಅರ್ಥ್ ಬಗ್ಗೆ ಅದು ಒಂದಕ್ಷರವೂ ಹೇಳುವುದಿಲ್ಲ. ಹಾಗಾಗಿ ಆರ್‌ಸಿಸಿಬಿ ಇದ್ದರೂ ಮೊದಲ ಹಂತದ ಪರೀಕ್ಷೆ ಬಿಡುವಂತಿಲ್ಲ.

ಇನ್ನೊಂದು ಮನೆಮದ್ದಿನ ಬಗ್ಗೆ ಹೇಳಲೇಬೇಕು. ದೂರದ ಕಂಬದ ಬುಡದಲ್ಲಿ ಒಂದು ಅರ್ಥ್ ರಾಡ್ ಹೊಡೆದುಬಿಡಿ, ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಒಂಟಿ ರಾಡಿಗೆ 50 ಓಮ್ ತಡೆ ಇದೆ ಎನ್ನೋಣ, ಒಣ ಮಣ್ಣಿನಲ್ಲಿ ಅದಕ್ಕಿಂತ ಹೆಚ್ಚೂ ಇರಬಹುದು. ಕಂಬ 98 ವೋಲ್ಟಿಗೆ ಏರಿದಾಗ ರಾಡಿನ ಮೂಲಕ ಹರಿಯುವುದು ಎರಡು ಆಂಪ್. 133 ಆಂಪ್ ಬಳಿ ಈ ಎರಡು ಆಂಪ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ರಾಡ್ ಇದೆಯಲ್ಲ ಎಂದು ಹಸಿರು ವೈರನ್ನೇ ಎಳೆಯದೆ ಬಿಟ್ಟಿದ್ದರಂತೂ ಪರಿಸ್ಥಿತಿ ಭಯಂಕರ. ಆಗ ಒಟ್ಟು ಕರೆಂಟ್ ನಾಲ್ಕೂವರೆ ಆಂಪ್ ದಾಟುವುದಿಲ್ಲ. 16 ಆಂಪ್ ಎಂಸಿಬಿಗೆ ಅದು ಮಾಮೂಲಿ ಲೋಡ್. ಕಂಬ 220 ವೋಲ್ಟಿನ ಆಸುಪಾಸಿನಲ್ಲಿ ಗಂಟೆಗಟ್ಟಲೆ, ದಿನಗಟ್ಟಲೆ ನಿಲ್ಲುತ್ತದೆ. ದೀಪ ಆಗಲೂ ಉರಿಯುತ್ತಲೇ ಇರುತ್ತದೆ.

ಕರೆಂಟ್ ಹೋಗಿ ಡೀಸೆಲ್ ಜನರೇಟರ್ ಹೊತ್ತಿದಾಗ ಸುತ್ತಿನ ಆರಂಭದ ಜಾಗವೇ ಬದಲಾಗುತ್ತದೆ ಎಂಬುದನ್ನೂ ಮರೆಯಬಾರದು. ಟ್ರಾನ್ಸ್‌ಫಾರ್ಮರ್ ಕೊಡುವಷ್ಟು ಫಾಲ್ಟ್ ಕರೆಂಟನ್ನು ಸಣ್ಣ ಜನರೇಟರ್ ಕೊಡಲಾರದು, ಕೊಟ್ಟದ್ದೂ ಕ್ಷಣಾರ್ಧದಲ್ಲಿ ಇಳಿಯುತ್ತದೆ. ಮೇನ್ಸ್ ಮೇಲೆ ಅಂಚಿನಲ್ಲಿ ಪಾಸಾದ ಸರ್ಕಿಟ್ ಜನರೇಟರ್ ಮೇಲೆ ಫೇಲಾಗಬಹುದು. ಆರ್‌ಸಿಸಿಬಿ ಹಾಕಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಅದು ಕೆಲಸ ಮಾಡಬೇಕಾದರೆ ಜನರೇಟರಿನ ನ್ಯೂಟ್ರಲ್ ಕೂಡ ಅರ್ಥ್ ಆಗಿರಬೇಕು.

ಇಷ್ಟು ಹೊತ್ತು ಹೇಳಿದ್ದು ಸ್ವಂತ ಟ್ರಾನ್ಸ್‌ಫಾರ್ಮರ್ ಇರುವ ಕಟ್ಟಡದ ಮಾತು. ಕಂಬದಿಂದ ಫೇಸ್ ಮತ್ತು ನ್ಯೂಟ್ರಲ್ ಎರಡೇ ತಂತಿ ಬರುವ ಮನೆ, ತೋಟದ ಮನೆಗಳ ಲೆಕ್ಕ ಬೇರೆ. ಅಲ್ಲಿ ಅರ್ಥ್ ಎಂದರೆ ಮನೆಯ ಪಕ್ಕದ ಇದ್ದಿಲು ಉಪ್ಪಿನ ಗುಂಡಿ. ಫಾಲ್ಟ್ ಕರೆಂಟ್ ಮಣ್ಣಿನೊಳಗೆ ಹೊಕ್ಕು ಊರಿನ ಟಿಸಿಯ ಅರ್ಥ್ ಹುಡುಕಿಕೊಂಡು ಹೋಗಬೇಕು. ನಿಮ್ಮ ಗುಂಡಿ 5 ಓಮ್, ಟಿಸಿಯದು 2 ಓಮ್, ವೈರುಗಳದ್ದು 1 ಓಮ್ ಎಂದು ಉದಾರವಾಗಿ ಹಿಡಿದರೂ ಒಟ್ಟು 8 ಓಮ್, ಕರೆಂಟ್ 29 ಆಂಪ್. 16 ಆಂಪ್ ಎಂಸಿಬಿ ಅದಕ್ಕೆ ಬೀಳಲು ನಿಮಿಷ ಬೇಕಾದೀತು. ಇಂಥ ಸರಬರಾಜಿಗೆ ನಿಯಮ ಕೊಡುವ ಕಾಲ 0.4 ಕೂಡ ಅಲ್ಲ, 0.2 ಸೆಕೆಂಡು. ಇಲ್ಲಿ ಕೇಬಲ್ ದಪ್ಪ ಮಾಡುವುದರಿಂದ, ಗುಂಡಿಗೆ ಮತ್ತಷ್ಟು ಉಪ್ಪು ಸುರಿಯುವುದರಿಂದ ಪ್ರಯೋಜನವಿಲ್ಲ. ದಾರಿ ಒಂದೇ, ಆರ್‌ಸಿಸಿಬಿ. ಅರ್ಥ್ ಸರಿಯಿಲ್ಲವೆಂದು ಹಸಿರು ವೈರನ್ನು ಮೀಟರ್ ಬೋರ್ಡಿನಲ್ಲಿ ನ್ಯೂಟ್ರಲ್‌ಗೆ ಕಟ್ಟುವ ಚಾಳಿಯೂ ಕೆಲವರಿಗಿದೆ. ಹೊರಗಿನ ನ್ಯೂಟ್ರಲ್ ತಂತಿ ಗಾಳಿಮಳೆಗೆ ತುಂಡಾದ ದಿನ ಮನೆಯ ಫ್ರಿಜ್ಜು, ಗೀಸರು, ಗ್ರೈಂಡರು ಎಲ್ಲದರ ಮೈಗೂ ಫೇಸ್ ಬರುತ್ತದೆ. ಯಾರೇ ಹೇಳಿದರೂ ಅದನ್ನು ಮಾಡಿಸಬೇಡಿ.

ಹೊಸ ವೈರಿಂಗಿನ ಬಿಲ್ ಕೈಗೆ ಬಂದಾಗ ನಾವು ಸ್ವಿಚ್ ಒತ್ತಿ ದೀಪ ನೋಡಿ ದುಡ್ಡು ಕೊಡುತ್ತೇವೆ. ಮುಂದಿನ ಸಲ ಗುತ್ತಿಗೆದಾರರನ್ನು ಒಂದು ಹಾಳೆ ಕೇಳಿ. ಪ್ರತಿ ಸರ್ಕಿಟಿನ ಕೇಬಲ್ ಉದ್ದ ಮತ್ತು ಗಾತ್ರ, ಎಂಸಿಬಿಯ ಅಕ್ಷರ ಮತ್ತು ಅಂಕಿ, ಡಿಬಿಯಿಂದ ಅತಿ ದೂರದ ಪಾಯಿಂಟಿನಲ್ಲಿ ಅಳೆದ Zs, ಆರ್‌ಸಿಸಿಬಿ ಬಿದ್ದ ಕಾಲ, ಇಷ್ಟು ಅದರಲ್ಲಿ ಇರಲಿ. ಅಳೆದದ್ದು ಡಿಬಿಯ ಪಕ್ಕದ ಪ್ಲಗ್ಗಿನಲ್ಲಲ್ಲ, ಕೊನೆಯ ಪಾಯಿಂಟಿನಲ್ಲೇ ಎಂದು ಖಾತ್ರಿ ಮಾಡಿಕೊಂಡು ಕೊನೆಯ ಕಂತು ಕೊಡಿ.